ನಾಲ್ಕು ಪದದ ಹೆಡ್‌ಲೈನ್‌ಗೆ ಐದು ವಾರ

ಕೇಳುವಾಗ ಬಹಳ ಸಣ್ಣ ಕೆಲಸ. ಒಂದು ಹೆಡ್‌ಲೈನ್, ಅದರ ಕೆಳಗೆ ಒಂದು ಸಬ್‌ಹೆಡ್. ಹೊಸದಾಗಿ ಕೆಲಸಕ್ಕೆ ಸೇರಿದವರು ಸಂಬಳದ ಲೆಕ್ಕ ಇಡಲು ಮಾಡಿದ ಆ್ಯಪ್. ಮಾಡಿದವರು ನಾಲ್ಕೇ ಜನ, ಎಚ್‌ಎಸ್‌ಆರ್ ಲೇಔಟ್‌ನ ಒಂದು ಮನೆಯ ಮೂರನೇ ಮಹಡಿಯಲ್ಲಿ ಕೂತು. ಅವರ ಲ್ಯಾಂಡಿಂಗ್ ಪೇಜ್, ಅಂದರೆ ಆ್ಯಪ್ ಬಗ್ಗೆ ತಿಳಿಯಲು ಬಂದವರಿಗೆ ಮೊದಲು ಕಾಣುವ ವೆಬ್ ಪುಟ, ಇಂಗ್ಲಿಷ್‌ನಲ್ಲಿತ್ತು. ಅದನ್ನು ನೋಡಲು ತುಮಕೂರು, ಹಾಸನ, ದಾವಣಗೆರೆ ಕಡೆಯಿಂದ ಜನ ಬರುತ್ತಿದ್ದರಂತೆ, ಆದರೆ ಮೊದಲ ಸ್ಕ್ರೀನ್ ದಾಟದೆ ಹೊರಟುಹೋಗುತ್ತಿದ್ದರಂತೆ. ‘ಕನ್ನಡ ಮಾಡಿಕೊಡಿ ಮೇಡಂ, ಎರಡೇ ಸಾಲು’ ಎಂದರು ಆ ಕಂಪನಿ ಕಟ್ಟಿದ ಹುಡುಗ.

ಇಂಗ್ಲಿಷ್ ಸಾಲು ‘ಟೇಕ್ ಕಂಟ್ರೋಲ್ ಆಫ್ ಯುವರ್ ಮನಿ’ ಎಂದಿತ್ತು. ಅರ್ಧ ಗಂಟೆಯಲ್ಲಿ ‘ನಿಮ್ಮ ಹಣದ ಮೇಲೆ ನಿಯಂತ್ರಣ ಸಾಧಿಸಿ’ ಎಂದು ಬರೆದೆ. ಜೋರಾಗಿ ಒಮ್ಮೆ ಓದಿಕೊಂಡೆ. ಬ್ಯಾಂಕಿನ ಗೋಡೆಗೆ ಅಂಟಿಸಿರುವ, ಯಾರೂ ಓದದ ಪೋಸ್ಟರ್ ತರಹ ಕೇಳಿಸಿತು. ಅಳಿಸಿದೆ. ಈ ಕೆಲಸ ಮೇಜಿನ ಮುಂದೆ ಕೂತು ಆಗುವುದಲ್ಲ ಅಂತ ಆಗಲೇ ಗೊತ್ತಾಯಿತು.

ಗೆಳತಿಯೊಬ್ಬಳ ಚಿಕ್ಕಮ್ಮ ಪೀಣ್ಯದ ಹತ್ತಿರ ಪಿಜಿ ನಡೆಸುತ್ತಾರೆ. ಅಲ್ಲಿ ಡಿಪ್ಲೊಮಾ ಮುಗಿಸಿ ಫ್ಯಾಕ್ಟರಿಗೆ ಸೇರಿದವರು, ಕಾಲ್ ಸೆಂಟರಿನವರು, ಸಣ್ಣ ಐಟಿ ಕಂಪನಿಯವರು ಎಲ್ಲ ಇದ್ದಾರೆ. ಒಂದು ಭಾನುವಾರ ಬೆಳಗ್ಗೆ ಇಡ್ಲಿ ಹೊತ್ತಿಗೆ ಹೋಗಿ ಕೂತೆ. ‘ನೀವು ಬಜೆಟ್ ಮಾಡ್ತೀರಾ?’ ಅಂತ ಕೇಳಿದೆ. ಹಾಸನದ ಹುಡುಗಿಯೊಬ್ಬಳು ನಕ್ಕು, ‘ಬಜೆಟ್ ಮಾಡೋದು ಸಿದ್ದರಾಮಯ್ಯನೋರು ಅಲ್ವಾ ಅಕ್ಕಾ?’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ನಮ್ಮಲ್ಲಿ ಬಜೆಟ್ ಅಂದರೆ ವಿಧಾನಸೌಧ, ಚರ್ಮದ ಬ್ಯಾಗು, ಟಿವಿ ಚರ್ಚೆ. ಇಲ್ಲವೇ ಮೊಬೈಲ್ ಅಂಗಡಿಯ ‘ಬಜೆಟ್ ಫೋನ್’, ಅಂದರೆ ಕಡಿಮೆ ಬೆಲೆಯದು. ತನ್ನ 22 ಸಾವಿರ ಸಂಬಳಕ್ಕೆ ಆ ಪದ ಹೊಂದುತ್ತದೆ ಅಂತ ಅಲ್ಲಿದ್ದ ಯಾರಿಗೂ ಅನ್ನಿಸಿರಲಿಲ್ಲ. ‘ಆಯವ್ಯಯ’ ಅಂದರೆ ಕಥೆ ಮುಗಿಯಿತು. ಅವರು ಆಡುವ ಪದ ‘ಲೆಕ್ಕ’. ‘ಲೆಕ್ಕ ಇಡಬೇಕು ಅನ್ಕೋತೀನಿ, ಆಗಲ್ಲ.’

ಅವತ್ತು ಬೇರೆ ಬೇರೆ ಬಾಯಲ್ಲಿ ಒಂದೇ ಮಾತು ಮೂರು ಸಲ ಬಂತು. ಸಂಬಳ ಬಂದಿದ್ದು ಗೊತ್ತಾಗುತ್ತೆ, ಹೋಗಿದ್ದು ಗೊತ್ತಾಗಲ್ಲ. ಬಂದಾಗ ಬ್ಯಾಂಕ್ ಮೆಸೇಜ್ ಒಂದೇ ಒಂದು. ಹೋಗುವಾಗ ಹದಿನೈದು ರೂಪಾಯಿ ಟೀ, ನಲವತ್ತು ರೂಪಾಯಿ ಆಟೋ, ಹೀಗೆ ನೂರು ಕಡೆ. ಇಪ್ಪತ್ತನೇ ತಾರೀಖಿನ ಹೊತ್ತಿಗೆ ಯಾರಾದರೊಬ್ಬರು ರೂಮ್‌ಮೇಟ್ ಹತ್ತಿರ ‘ಐನೂರು ಹಾಕು, ಸಂಬಳ ಬಂದಾಗ ಕೊಡ್ತೀನಿ’ ಅನ್ನುತ್ತಾರೆ.

ಮನೆಗೆ ಬಂದು ಮೂರು ಹೆಡ್‌ಲೈನ್ ಬರೆದೆ.

ಮೊದಲನೆಯದು ಗಾದೆ ಹಿಡಿದು ಬರೆದದ್ದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು. ಹಾಸಿಗೆ ಎಷ್ಟಿದೆ, ನಾವು ಹೇಳುತ್ತೇವೆ.’ ಎಚ್‌ಎಸ್‌ಆರ್ ಹುಡುಗನಿಗೆ ಇದು ಬಹಳ ಹಿಡಿಸಿತು. ನಿಜ ಹೇಳಬೇಕೆಂದರೆ ನನಗೂ ಹಿಡಿಸಿತ್ತು, ಎರಡನೇ ಭಾಗ ಚೆನ್ನಾಗಿ ತಿರುಗುತ್ತದೆ ಅಂತ. ಪಿಜಿಯಲ್ಲಿ ತೋರಿಸಿದರೆ ಒಬ್ಬ ಹುಡುಗ, ‘ನಮ್ಮಪ್ಪ ಫೋನ್ ಮಾಡಿದ ಹಾಗಿದೆ’ ಎಂದ. ಗಾದೆಯ ಮೊದಲರ್ಧ ಕಿವಿಗೆ ಬಿದ್ದೊಡನೆ ಬೈಗುಳ ಶುರುವಾಯಿತು ಅಂತ ಅವರಿಗೆ ಗೊತ್ತಾಗುತ್ತದೆ. ಎರಡನೇ ಭಾಗಕ್ಕೆ ಅವರು ಬರುವುದೇ ಇಲ್ಲ.

ಎರಡನೆಯದು ‘ಮೊದಲ ಸಂಬಳದಿಂದಲೇ ಲೆಕ್ಕ’. ಇದರಲ್ಲಿ ಬೇರೆ ತೊಂದರೆ. ಮೊದಲ ಸಂಬಳದಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ಅದು ದೇವರ ಮುಂದೆ ಇಡಲಿಕ್ಕೆ, ಅಮ್ಮನಿಗೆ ಸೀರೆ ತರಲಿಕ್ಕೆ, ಫ್ರೆಂಡ್ಸ್‌ಗೆ ಪಾರ್ಟಿ ಕೊಡಲಿಕ್ಕೆ. ಲೆಕ್ಕದ ಚಿಂತೆ ಶುರುವಾಗುವುದು ಮೂರನೇ, ನಾಲ್ಕನೇ ತಿಂಗಳಿಗೆ. ಆಗ ಈ ಸಾಲು ನೋಡಿದವರು ‘ಅಯ್ಯೋ, ನಂದು ಆಗಲೇ ಐದನೇ ಸಂಬಳ’ ಅಂತ ಮುಂದೆ ಹೋಗುತ್ತಾರೆ. ಹಾಗಾಗಿ ‘ಮೊದಲ ಸಂಬಳ’ ತೆಗೆದೆ. ಹೆಡ್‌ಲೈನ್ ಮೇಲೆ ಸಣ್ಣ ಅಕ್ಷರದಲ್ಲಿ ‘ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ’ ಅಂತ ಇಟ್ಟೆ. ಅದು ಕೊನೆವರೆಗೂ ಉಳಿಯಿತು.

ಮೂರನೆಯದನ್ನು ಅವರ ಬಾಯಿಂದಲೇ ಎತ್ತಿದ್ದೆ. ‘ಸಂಬಳ ಬಂದಿದ್ದು ಗೊತ್ತು. ಹೋಗಿದ್ದು?’ ಇದೇ ಸರಿ ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ಓದಿದವರು ತಲೆ ಆಡಿಸಿ ನಗುತ್ತಿದ್ದರು. ಸಬ್‌ಹೆಡ್ ಆಗಿ ‘ತಿಂಗಳ ಕೊನೆಗೆ ಕೈ ಖಾಲಿ ಆಗುವ ಚಿಂತೆ ಬಿಡಿ’ ಎಂದು ಸೇರಿಸಿದೆ.

ಪುಟ ಹೊರಬಿಡುವ ಮೊದಲು ಐದು ಸೆಕೆಂಡ್ ಪರೀಕ್ಷೆ ಮಾಡೋಣ ಎಂದೆ. ಇದಕ್ಕೆ ಖರ್ಚಿಲ್ಲ. ಪುಟದ ಮೊದಲ ಸ್ಕ್ರೀನನ್ನು ಫೋನ್‌ನಲ್ಲಿ ಐದು ಸೆಕೆಂಡ್ ತೋರಿಸಿ ಫೋನ್ ಹಿಂದೆ ತೆಗೆದುಕೊಳ್ಳಬೇಕು. ಆಮೇಲೆ ಒಂದೇ ಪ್ರಶ್ನೆ, ‘ಇದು ಏನು ಮಾಡುವ ಆ್ಯಪ್?’ ‘ಚೆನ್ನಾಗಿದೆಯಾ’ ಅಂತ ಕೇಳಬಾರದು. ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ನಾವು ಅಷ್ಟು ಮರ್ಯಾದಸ್ಥರು. ಮೊದಲು ನೋಡಿರದ 11 ಜನರಿಗೆ ತೋರಿಸಿದೆ. ಆರು ಜನ ಒಂದೇ ಉತ್ತರ ಕೊಟ್ಟರು. ‘ಲೋನ್ ಆ್ಯಪ್.’

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಪುಟದಲ್ಲಿ ಸಾಲ ಎಂಬ ಪದವೇ ಇರಲಿಲ್ಲ. ಒಬ್ಬ ಹುಡುಗನನ್ನು ಹಾಗ್ಯಾಕೆ ಅನ್ನಿಸಿತು ಅಂತ ಕೇಳಿದೆ. ‘ಸಂಬಳ, ತಿಂಗಳ ಕೊನೆ, ಕೈ ಖಾಲಿ, ಚಿಂತೆ ಬಿಡಿ... ನಂಗೆ ದಿನಾ ಹಿಂಗೇ ಮೆಸೇಜ್ ಬರುತ್ತಲ್ಲ’ ಎಂದ. ಫೋನ್ ತೆಗೆದು ತೋರಿಸಿದ. ನಿಜ. ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆ ಅನ್ನುವವರೆಲ್ಲ ಇದೇ ಪದಗಳನ್ನು ಆಗಲೇ ಬಳಸಿ ಸವೆಸಿಬಿಟ್ಟಿದ್ದಾರೆ. ಕೈ ಖಾಲಿ ಅಂತ ಶುರುಮಾಡಿ ‘ಚಿಂತೆ ಬಿಡಿ’ ಅಂದರೆ ಮುಂದಿನ ಮಾತು ಸಾಲವೇ ಇರಬೇಕು ಅಂತ ಓದುವವನ ಮನಸ್ಸು ಓಡುತ್ತದೆ. ಸಾಲ ವಸೂಲಿಗೆ ಫೋನ್‌ನಲ್ಲಿರುವ ನಂಬರಿಗೆಲ್ಲ ಕರೆ ಮಾಡಿ ಮರ್ಯಾದೆ ತೆಗೆದ ಕಥೆಗಳು ಆ ವಯಸ್ಸಿನವರಿಗೆಲ್ಲ ಗೊತ್ತು. 2022ರಲ್ಲಿ ರಿಸರ್ವ್ ಬ್ಯಾಂಕ್ ಈ ಡಿಜಿಟಲ್ ಸಾಲಕ್ಕೆ ನಿಯಮ ತಂದದ್ದು ಇಂಥ ದೂರುಗಳು ಜಾಸ್ತಿ ಆದಮೇಲೇ. ನಮ್ಮ ಪುಟ ನೋಡಿದವರು ಹೆದರಿ ಹೋದರೆ ಒಂದು ನಷ್ಟ. ಸಾಲ ಬೇಕಾದವರು ಬಂದು ಆ್ಯಪ್ ಹಾಕಿಕೊಂಡು, ಸಾಲ ಸಿಗಲಿಲ್ಲ ಅಂತ ಬೈದು ಒಂದು ಸ್ಟಾರ್ ಕೊಟ್ಟು ಹೋದರೆ ಎರಡನೇ ನಷ್ಟ.

ಬರೀ ಕಷ್ಟವನ್ನು ಹೇಳುವ ಹೆಡ್‌ಲೈನ್ ಇಲ್ಲಿ ನಡೆಯುವುದಿಲ್ಲ ಅಂತ ಅವತ್ತು ತೀರ್ಮಾನಿಸಿದೆ. ಈ ಆ್ಯಪ್ ಏನು ಕೊಡುತ್ತದೆ ಎಂಬುದೇ ತಲೆಯ ಮೇಲೆ ಇರಬೇಕು. ಹಾಗಾದರೆ ಅದು ಕೊಡುವುದು ಏನು? ಪೈ ಚಾರ್ಟು, ಬಣ್ಣದ ಪಟ್ಟಿ, ಗುರಿ, ಬ್ಯಾಡ್ಜು, ಎಲ್ಲ ಇತ್ತು. ಎರಡು ದಿನ ನಾನೇ ಬಳಸಿದ ಮೇಲೆ, ತೆರೆದೊಡನೆ ಕಾಣುವ ಒಂದು ಸಂಖ್ಯೆ ಬಿಟ್ಟು ಬೇರೇನನ್ನೂ ನಾನು ನೋಡುತ್ತಿಲ್ಲ ಅಂತ ಗೊತ್ತಾಯಿತು. ಇವತ್ತು ಇಷ್ಟು ಖರ್ಚು ಮಾಡಬಹುದು ಎಂಬ ಸಂಖ್ಯೆ.

ಅದು ಹೇಗೆ ಬರುತ್ತದೆ ಅಂತ ಹಾಸನದ ಆ ಹುಡುಗಿಯ ಲೆಕ್ಕವನ್ನೇ ಹಾಕಿ ನೋಡಿದೆವು, ಅವಳು ಒಪ್ಪಿದ ಮೇಲೆ. ಕೈಗೆ ಬರುವುದು 22,800. ಪಿಜಿಗೆ ಊಟ ಸೇರಿ 8,000. ಮನೆಗೆ ಕಳಿಸುವುದು 4,000. ಫೋನಿನ ಇಎಂಐ 1,900. ಓಡಾಟ 1,300, ರೀಚಾರ್ಜ್ 300. ಉಳಿತಾಯ ಅಂತ ಮೊದಲೇ ಎತ್ತಿಡುವುದು 1,500. ಒಟ್ಟು 17,000. ಉಳಿಯಿತು 5,800. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 193. ಮೊದಲ ದಿನವೇ 500 ಖರ್ಚಾದರೆ ಉಳಿದ 5,300ನ್ನು 29 ದಿನಕ್ಕೆ ಹಂಚುತ್ತದೆ, ಮರುದಿನ 182 ತೋರಿಸುತ್ತದೆ. ಅಷ್ಟೇ ಆ್ಯಪ್. ಮೂರನೇ ಕ್ಲಾಸಿನ ಗಣಿತ, ಆದರೆ ಪ್ರತಿದಿನ ಬೆಳಗ್ಗೆ ಯಾರೂ ಕೂತು ಮಾಡದ ಗಣಿತ.

ಈ ಲೆಕ್ಕ ಹಾಕುವಾಗ, ಹೊಸದಾಗಿ ಬರೆಯುತ್ತಿದ್ದ ಸಬ್‌ಹೆಡ್‌ನ ಒಂದು ದೊಡ್ಡ ತಪ್ಪೂ ಸಿಕ್ಕಿಬಿತ್ತು. ಮೊದಲ ಸಲ ಅವಳು ಸಂಬಳ 26,600 ಅಂತ ಬರೆದಿದ್ದಳು. ಆಫರ್ ಲೆಟರಿನಲ್ಲಿ ವರ್ಷಕ್ಕೆ 3.2 ಲಕ್ಷ ಅಂತಿದೆ, ಹನ್ನೆರಡರಿಂದ ಭಾಗಿಸಿದ್ದಾಳೆ. ಆದರೆ ಆ 3.2 ಲಕ್ಷದಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿಗೆ ಎತ್ತಿಟ್ಟದ್ದು ಸೇರಿವೆ. ಅದರ ಮೇಲೆ ಅವಳ ಪಾಲಿನ ಪಿಎಫ್ ಬೇರೆ ಕಡಿತ. ಬ್ಯಾಂಕಿಗೆ ಬೀಳುವುದು 22,800 ಮಾತ್ರ. 26,600 ಹಾಕಿದರೆ ಆ್ಯಪ್ ಅವಳಿಗೆ ದಿನಕ್ಕೆ 320 ಖರ್ಚು ಮಾಡು ಅನ್ನುತ್ತದೆ. ಅದನ್ನು ನಂಬಿ ಖರ್ಚು ಮಾಡಿದರೆ ಇರುವ 5,800 ಹದಿನೆಂಟನೇ ದಿನಕ್ಕೆ ಖಾಲಿ. ಆಗ ಅವಳು ಆ್ಯಪ್ ಸುಳ್ಳು ಹೇಳಿತು ಅನ್ನುತ್ತಾಳೆ, ಅಲ್ವಾ? ಅದಕ್ಕೇ ಸಬ್‌ಹೆಡ್‌ನಲ್ಲಿ ಬರೀ ‘ಸಂಬಳ’ ಅಂತಿದ್ದುದನ್ನು ‘ಕೈಗೆ ಬಂದ ಸಂಬಳ’ ಮಾಡಿದೆ. ಆ್ಯಪ್ ಒಳಗೆ ಸಂಬಳ ಬರೆಯುವ ಜಾಗದಲ್ಲೂ ಅದೇ ಮಾತು ಹಾಕಿಸಿದೆ. ಎರಡೇ ಪದ ಸೇರಿಸಿದ್ದು. ಇಡೀ ಪುಟದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ತಿದ್ದುಪಡಿ ಅದು.

ಈಗ ಹೆಡ್‌ಲೈನ್. ಮೊದಲು ‘ಇವತ್ತು ಎಷ್ಟು ಖರ್ಚು ಮಾಡಿದರೆ ಸಂಬಳ ತಿಂಗಳಿಡೀ ಬರುತ್ತೆ?’ ಅಂತ ಬರೆದೆ. ದುಡ್ಡು ಬರುತ್ತೆ ಅಂದರೆ ನಮ್ಮ ಮಾತಿನಲ್ಲಿ ಸಾಲುತ್ತೆ ಅಂತಲೂ ಅರ್ಥ ತಾನೇ, ‘ಈ ಎಣ್ಣೆ ಹತ್ತು ದಿನ ಬರುತ್ತೆ’ ಅಂದ ಹಾಗೆ. ಐದು ಸೆಕೆಂಡ್ ಪರೀಕ್ಷೆಯಲ್ಲಿ ಇಬ್ಬರು ‘ದಿನಾ ದುಡ್ಡು ಬರೋ ಆ್ಯಪ್ಪಾ? ಪಾರ್ಟ್ ಟೈಮ್ ಕೆಲಸನಾ?’ ಎಂದರು. ಸಂಬಳದ ಪಕ್ಕ ‘ಬರುತ್ತೆ’ ಇಟ್ಟರೆ ಎಣ್ಣೆಯ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಕಡೆಗೆ ಬಾಲ ಪೂರ್ತಿ ಕತ್ತರಿಸಿದೆ. ಉಳಿದದ್ದು ನಾಲ್ಕೇ ಪದ. ‘ಇವತ್ತು ಎಷ್ಟು ಖರ್ಚು ಮಾಡಬಹುದು?’ ಕೆಳಗೆ ಫೋನಿನ ಚಿತ್ರ, ಅದರಲ್ಲಿ ದೊಡ್ಡದಾಗಿ 193 ರೂ. ಪ್ರಶ್ನೆಗೆ ಚಿತ್ರವೇ ಉತ್ತರ ಕೊಡುತ್ತದೆ.

ಎಚ್‌ಎಸ್‌ಆರ್ ಹುಡುಗನಿಗೆ ಇದು ಸಪ್ಪೆ ಅನ್ನಿಸಿತು. ಅವರಿಗೆ ‘ತಿಂಗಳಿಗೆ 5,000 ಉಳಿಸಿ’ ಬೇಕಿತ್ತು. ನಾನು ಹಾಸನದ ಹುಡುಗಿಯ ಲೆಕ್ಕದ ಹಾಳೆ ಮುಂದಿಟ್ಟೆ. ಎಲ್ಲ ಕಳೆದು ಅವಳಿಗೆ ಉಳಿಯುವುದೇ 5,800, ಅದರಲ್ಲಿ 5,000 ಎಲ್ಲಿಂದ ಉಳಿಸುತ್ತಾಳೆ? ಅಲ್ಲದೆ ಜಾಹೀರಾತಿನಲ್ಲಿ ಅಂಕಿ ಹಾಕಿದರೆ ಅದಕ್ಕೆ ಆಧಾರ ತೋರಿಸುವುದು ಹಾಕಿದವರ ಹೊಣೆ, ಜಾಹೀರಾತುಗಳ ಮೇಲೆ ಕಣ್ಣಿಡುವ ಎಎಸ್‌ಸಿಐ ಸಂಸ್ಥೆಯ ನಿಯಮದಲ್ಲೇ ಇದೆ. ಅವರ ಹತ್ತಿರ ಆಧಾರ ಇರಲಿಲ್ಲ. ಸುಮ್ಮನಾದರು.

ಸಬ್‌ಹೆಡ್ ಬಗ್ಗೆ ಮಾತ್ರ ಸುಲಭಕ್ಕೆ ಬಿಡಲಿಲ್ಲ. ‘ಪ್ರತಿ ರೂಪಾಯಿ ಲೆಕ್ಕ, ತಾನಾಗಿಯೇ’ ಅಂತ ಬರಲಿ ಎಂದರು. ಆಂಡ್ರಾಯ್ಡ್ ಫೋನಿನಲ್ಲಿ ಅನುಮತಿ ಕೊಟ್ಟರೆ ಅವರ ಆ್ಯಪ್ ಬ್ಯಾಂಕಿನ ಎಸ್‌ಎಂಎಸ್ ಓದಿ ಖರ್ಚು ಹಿಡಿದುಕೊಳ್ಳುತ್ತದೆ, ಅದು ನಿಜ. ಐಫೋನಿನಲ್ಲಿ ಹೀಗೆ ಎಸ್‌ಎಂಎಸ್ ಓದಲು ಆ್ಯಪ್‌ಗಳಿಗೆ ಬಿಡುವುದೇ ಇಲ್ಲ. ಸರಿ, ಐಫೋನ್ ಇಟ್ಟುಕೊಂಡವರು ಕಡಿಮೆ ಅಂತ ಬಿಟ್ಟರೂ ನಗದು ಇದೆಯಲ್ಲ, ಅದಕ್ಕೆ ಮೆಸೇಜ್ ಬರುವುದಿಲ್ಲ. ಇನ್ನೊಂದು ನನಗೂ ಆಗಷ್ಟೇ ಹೊಳೆದದ್ದು, ಯುಪಿಐ ಲೈಟ್. ಟೀ, ಬನ್ನು ಅಂತ ಸಣ್ಣ ಪಾವತಿಗೆ ಪಿನ್ ಇಲ್ಲದೆ ಹೋಗುತ್ತದಲ್ಲ, ಅದು. ಲೈಟ್‌ಗೆ ದುಡ್ಡು ತುಂಬಿಸಿದ್ದಷ್ಟೇ ಬ್ಯಾಂಕಿನ ಪಾಸ್‌ಬುಕ್ಕಿಗೆ ಬರುತ್ತದೆ, ಒಂದೊಂದು ಟೀ ಅಲ್ಲ. ಅಂದರೆ ‘ಹೋಗಿದ್ದು ಗೊತ್ತಾಗಲ್ಲ’ ಅಂತ ಆ ಹುಡುಗರು ಯಾವುದನ್ನು ಹೇಳಿದ್ದರೋ ಅದೇ ಆ್ಯಪ್‌ಗೂ ಗೊತ್ತಾಗುವುದಿಲ್ಲ. ‘ಪ್ರತಿ ರೂಪಾಯಿ’ ಎಂಬ ಮಾತನ್ನು ಒಂದು ವಾರ ಬಳಸಿದವರು ಯಾರು ಬೇಕಾದರೂ ಸುಳ್ಳು ಅಂತ ತೋರಿಸಬಹುದು. ಇದನ್ನು ಕೇಳಿ ಅವರ ಡೆವಲಪರ್ ಹುಡುಗಿಯೇ ನನ್ನ ಕಡೆ ಬಂದಳು.

ಕಡೆಗೆ ನಿಂತ ಸಬ್‌ಹೆಡ್ ಇದು. ‘ಕೈಗೆ ಬಂದ ಸಂಬಳ, ಬಾಡಿಗೆ, ಇಎಂಐ ಒಮ್ಮೆ ಬರೆದಿಡಿ. ತಿಂಗಳ ಕೊನೆವರೆಗೂ ದುಡ್ಡು ಸಾಲುವಂತೆ ದಿನದ ಮೊತ್ತ ನಾವು ಹೇಳುತ್ತೇವೆ. ನಾವು ಸಾಲ ಕೊಡುವುದಿಲ್ಲ.’

ಕೊನೆಯ ಮೂರು ಪದಕ್ಕೆ ಇನ್ನೊಂದು ಜಗಳ ಆಯಿತು. ಏನು ಕೊಡುವುದಿಲ್ಲ ಅಂತ ಯಾರಾದರೂ ತಲೆಯ ಮೇಲೆ ಬರೆಯುತ್ತಾರಾ ಎಂದರು. ಬೇರೆ ಊರಿನಲ್ಲಿ, ಬೇರೆ ಕಾಲದಲ್ಲಿ ನಾನೂ ಬರೆಯುತ್ತಿರಲಿಲ್ಲ. ಆದರೆ 11ರಲ್ಲಿ ಆರು ಜನ ಲೋನ್ ಆ್ಯಪ್ ಎಂದಿದ್ದು ನನ್ನ ಕಿವಿಯಲ್ಲೇ ಇತ್ತು. ಹೊಸದಾಗಿ ಒಂಬತ್ತು ಜನರಿಗೆ ತೋರಿಸಿದೆ. ಈ ಸಲ ಯಾರೂ ಸಾಲ ಅನ್ನಲಿಲ್ಲ. ಏಳು ಜನ ‘ದಿನದ ಖರ್ಚು ಹೇಳೋದು’ ಅಥವಾ ಅದೇ ಅರ್ಥದ ಮಾತು ಹೇಳಿದರು. ಒಬ್ಬಳು ಕೇಳದೆಯೇ, ‘ಸಾಲ ಕೊಡಲ್ಲ ಅಂತ ಹಾಕಿದಾರಲ್ಲ, ಹಾಗಾದ್ರೆ ಪರವಾಗಿಲ್ಲ’ ಎಂದಳು. ಸಾಲು ಉಳಿಯಿತು. ‘ನೀವು’ ಬೇಕೋ ‘ನೀನು’ ಬೇಕೋ ಎಂಬ ಚರ್ಚೆಯೂ ನಡೆಯಿತು, ಆದರೆ ಹೆಡ್‌ಲೈನ್‌ನಲ್ಲಿ ಎರಡೂ ಇಲ್ಲದ ಕಾರಣ ಬೇಗ ಮುಗಿಯಿತು. ಕನ್ನಡದ ಕ್ರಿಯಾಪದ ಇಂಥ ಹೊತ್ತಿನಲ್ಲಿ ಉಪಕಾರ ಮಾಡುತ್ತದೆ.

ಎ/ಬಿ ಟೆಸ್ಟ್ ಮಾಡಿ, ಅಂದರೆ ಬಂದವರಲ್ಲಿ ಅರ್ಧ ಜನಕ್ಕೆ ಹಳೆಯ ಪುಟ, ಅರ್ಧ ಜನಕ್ಕೆ ಹೊಸದು ತೋರಿಸಿ, ಯಾವುದು ಗೆಲ್ಲುತ್ತದೆ ನೋಡೋಣ ಅಂತಲೂ ಕೇಳಿದರು. ಲೆಕ್ಕ ಹಾಕಿ ತೋರಿಸಿದೆ. ನೂರಕ್ಕೆ ಮೂರು ಜನ ಆ್ಯಪ್ ಹಾಕಿಕೊಳ್ಳುತ್ತಿದ್ದುದು ನಾಲ್ಕಕ್ಕೆ ಏರಿತು ಅಂತ ನಂಬಿಕೆಯಿಂದ ಹೇಳಲು ಒಂದೊಂದು ಪುಟಕ್ಕೂ ಹೆಚ್ಚುಕಡಿಮೆ 5,300 ಜನ ಬೇಕು. ಅವರ ಪುಟಕ್ಕೆ ವಾರಕ್ಕೆ ಬರುತ್ತಿದ್ದವರು 700. ಹದಿನೈದು ವಾರ ಕಾಯಬೇಕು. ಒಂದು ವಾರ ನೋಡಿ ‘ಗೆದ್ದಿತು’ ಅಂದರೆ ಅದು ನಾಣ್ಯ ಚಿಮ್ಮಿದ ಹಾಗೆ. ಅಷ್ಟು ಜನ ಬರುವವರೆಗೆ ಈ ಐದು ಸೆಕೆಂಡೇ ಸಾಕು ಎಂದೆ.

ಪುಟ ಮೇಲೇರಿದ ದಿನ ನನ್ನ ಫೋನಿನಲ್ಲಿ ತೆರೆದು ನೋಡಿದರೆ ಹೊಟ್ಟೆ ಉರಿಯಿತು. ಇಂಗ್ಲಿಷ್ ಪುಟದ ಅಚ್ಚಿನಲ್ಲೇ ಕನ್ನಡ ಸುರಿದಿದ್ದರು. ಸಾಲುಗಳ ನಡುವೆ ಜಾಗ ಇಲ್ಲ. ‘ಇವತ್ತು ಎಷ್ಟು’ ಇದರ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತಿದ್ದವು. ಅದಕ್ಕಿಂತ ಕೆಟ್ಟದ್ದು, ಸಾಲಿನ ಅಂಚಿಗೆ ಬಂದ ಪದ ಎಲ್ಲೆಂದರಲ್ಲಿ ಮುರಿದು ‘ಮಾಡಬ’ ಒಂದು ಸಾಲಿನಲ್ಲಿ, ‘ಹುದು’ ಮುಂದಿನದರಲ್ಲಿ. ಉದ್ದ ಪದ ಹೊರಗೆ ಚಾಚದಿರಲಿ ಅಂತ ಯಾರೋ `word-break: break-all` ಹಾಕಿಟ್ಟಿದ್ದರು. ಡೆವಲಪರ್ ಹುಡುಗಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಸರಿಮಾಡಿದಳು.

```css
h1 {
  font-size: 30px;
  line-height: 1.45;
  letter-spacing: 0;
  word-break: normal;
}
```

ಮೊದಲು ಸಾಲಿನ ಎತ್ತರ, ಅಂದರೆ `line-height`, 1.1 ಇತ್ತು. ಇಂಗ್ಲಿಷಿಗೆ ಅದು ಬಿಗಿಯಾಗಿ ಚೆನ್ನಾಗಿ ಕಾಣುತ್ತದೆ. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಎರಡಕ್ಕೂ ಜಾಗ ಬೇಕು. ಈಗ 360 ಪಿಕ್ಸೆಲ್ ಅಗಲದ ಸಣ್ಣ ಫೋನಿನಲ್ಲೂ ಹೆಡ್‌ಲೈನ್ ಎರಡು ಸಾಲಿನಲ್ಲಿ ಕೂರುತ್ತದೆ.

ಮೊನ್ನೆ ಮತ್ತೆ ಫೋನ್ ಬಂತು. ಪ್ಲೇ ಸ್ಟೋರ್‌ಗೂ ಒಂದು ಚಿಕ್ಕ ವಿವರಣೆ ಬೇಕಂತೆ, 80 ಅಕ್ಷರ ಮೀರಬಾರದಂತೆ. ಅದೇ ಹೆಡ್‌ಲೈನ್ ಹಾಕಿ, ಜಾಗ ಬೇಕಾದಷ್ಟು ಉಳಿಯುತ್ತದೆ ಎಂದುಕೊಂಡೆ. ನನ್ನ ಕಣ್ಣಿಗೆ ಅದು 12 ಅಕ್ಷರ. ಕಂಪ್ಯೂಟರ್ ಎಣಿಸಿದರೆ 28. ‘ಎಷ್ಟು’ ಅನ್ನುವಲ್ಲಿ ನಮಗೆ ಎರಡು ಕಾಣುತ್ತವೆ, ಅದು ಎ, ಷ, ಅರ್ಧಾಕ್ಷರದ ಗುರುತು, ಟ, ಉಕಾರ ಅಂತ ಐದು ಎಣಿಸುತ್ತದೆ. ಉಳಿದ 52ರಲ್ಲಿ ‘ಕೈಗೆ ಬಂದ ಸಂಬಳ’ ಹಿಡಿಸಬೇಕೋ ‘ಸಾಲ ಕೊಡುವುದಿಲ್ಲ’ ಹಿಡಿಸಬೇಕೋ ಅಂತ ನಿನ್ನೆ ರಾತ್ರಿಯಿಂದ ಬೆರಳು ಮಡಿಸುತ್ತಾ ಕೂತಿದ್ದೇನೆ.